ಯೂರಿಯಾ ಕರಗುವಾಗ ಲೋಟ ತಣ್ಣಗಾಗುವುದೇಕೆ?

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಒಂದು ಚಟುವಟಿಕೆ ಇದೆ. ಪ್ರನಾಳದಲ್ಲಿ ಬೇರಿಯಂ ಹೈಡ್ರಾಕ್ಸೈಡ್ ಮತ್ತು ಅಮೋನಿಯಂ ಕ್ಲೋರೈಡ್ ಬೆರೆಸಿ, ತಳವನ್ನು ಮುಟ್ಟಿ ನೋಡಬೇಕು. ತಳ ತಣ್ಣಗಾಗುತ್ತದೆ, ಇದು ಅಂತರುಷ್ಣಕ ಕ್ರಿಯೆ. ಇಡಗುಂಜಿಯ ಹತ್ತಿರದ ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆಗೆ ಹೋದಾಗ ನಾನು ಈ ಪಾಠವನ್ನೇ ಆರಿಸಿಕೊಂಡಿದ್ದೆ. ಪ್ರಯೋಗಾಲಯದಲ್ಲಿ ಬೇರಿಯಂ ಹೈಡ್ರಾಕ್ಸೈಡ್ ಇರಲಿಲ್ಲ, ಇದ್ದರೂ ಅದು ವಿಷಕಾರಿ. ಹಾಗಾಗಿ ಅಡಿಕೆ ತೋಟಕ್ಕೂ ಗದ್ದೆಗೂ ಹಾಕುವ ಯೂರಿಯಾವನ್ನು ಮನೆಯಿಂದ ತಂದೆ. ಅದನ್ನು ನೀರಿನಲ್ಲಿ ಕರಗಿಸಿದರೂ ಲೋಟ ತಣ್ಣಗಾಗುತ್ತದೆ ಎಂದು ರೈತರ ಮಕ್ಕಳಿಗೆ ಮೊದಲೇ ಗೊತ್ತಿತ್ತು. ಗೊಬ್ಬರ ಕಲಸಿದ ಬಕೆಟ್ಟಿಗೆ ಕೈ ಹಾಕಿದವರೇ ಅವರೆಲ್ಲ.

ತೊಂದರೆಯಾದದ್ದು ನನ್ನ ಒಂದು ವಾಕ್ಯದಿಂದ. ಹಿಂದಿನ ದಿನ ಬಹಿರುಷ್ಣಕ ಕ್ರಿಯೆಯನ್ನು ವಿವರಿಸುವಾಗ, ಗುಡ್ಡದ ಮೇಲಿನ ಕಲ್ಲು ಕೆಳಗೆ ಉರುಳುವಂತೆ ವಸ್ತುಗಳು ತಮ್ಮ ಶಕ್ತಿಯನ್ನು ಹೊರಗೆ ಬಿಟ್ಟು ಕೆಳಗಿನ ಸ್ಥಿತಿಗೆ ಹೋಗಲು ಬಯಸುತ್ತವೆ, ಅದಕ್ಕೇ ಕ್ರಿಯೆ ನಡೆಯುತ್ತದೆ ಎಂದಿದ್ದೆ. ಮರುದಿನ ಯೂರಿಯಾ ಕರಗಿತು, ಲೋಟ ತಣ್ಣಗಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಟೀಚರ್, ಇದು ಶಕ್ತಿಯನ್ನು ಒಳಗೆ ಎಳೆದುಕೊಳ್ತಾ ಇದೆ. ಹಾಗಾದರೆ ಕಲ್ಲು ತಾನಾಗಿಯೇ ಗುಡ್ಡ ಹತ್ತಿದ ಹಾಗೆ ಆಯ್ತಲ್ಲ? ಯಾರು ಹತ್ತಿಸಿದ್ರು?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಅವ್ಯವಸ್ಥೆ ಹೆಚ್ಚುತ್ತದೆ ಎಂದು ಏನೋ ಹೇಳಿ ಮುಂದೆ ಹೋದೆ. ಅವಳು ಕುಳಿತಳು, ಆದರೆ ಒಪ್ಪಿಕೊಂಡು ಕುಳಿತಂತೆ ಕಾಣಲಿಲ್ಲ.

ಆ ಉತ್ತರ ನನಗೇ ಸರಿ ಎನಿಸಲಿಲ್ಲ. 'ಅವ್ಯವಸ್ಥೆ' ಎಂದರೆ ಮಕ್ಕಳ ಕಣ್ಣ ಮುಂದೆ ಬರುವುದು ಚೆಲ್ಲಾಪಿಲ್ಲಿಯಾದ ಪುಸ್ತಕಗಳು. ಪುಸ್ತಕಗಳು ತಾವಾಗಿ ಚೆಲ್ಲಾಪಿಲ್ಲಿಯಾಗುವುದಿಲ್ಲ, ಯಾರೋ ಎಳೆದು ಹಾಕಬೇಕು. ಅಣುಗಳ ವಿಷಯ ಬೇರೆ. ಅವು ಒಂದು ಕ್ಷಣವೂ ಸುಮ್ಮನಿರದೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಶಕ್ತಿಯನ್ನು ಕೈಬದಲಾಯಿಸುತ್ತಲೇ ಇರುತ್ತವೆ. ಹಾಗಾಗಿ ಕೇಳಬೇಕಾದ ಪ್ರಶ್ನೆ, ಇರುವ ಶಕ್ತಿಯನ್ನು ಆ ಅಣುಗಳ ನಡುವೆ ಎಷ್ಟು ವಿಧದಲ್ಲಿ ಹಂಚಬಹುದು ಎಂಬುದು. ಹೆಚ್ಚು ವಿಧಗಳಿರುವ ಸ್ಥಿತಿಗೆ ವ್ಯವಸ್ಥೆ ಹೋಗಿ ಸೇರುತ್ತದೆ. ಅದು ಅದರ ಬಯಕೆಯಲ್ಲ, ಅಲ್ಲಿರುವ ದಾರಿಗಳೇ ಹೆಚ್ಚು, ಅಷ್ಟೇ. ಕ್ಲಾಸಿಯಸ್ 1865ರಲ್ಲಿ ಎಂಟ್ರೊಪಿ ಎಂದು ಹೆಸರಿಟ್ಟದ್ದನ್ನು ಶಕ್ತಿಯ ಹರಡುವಿಕೆಯ ಅಳತೆ ಎಂದು ಹೇಳುವುದು ಈ ಅರ್ಥದಲ್ಲಿ.

ಇದನ್ನು ಮುಂದಿನ ಅವಧಿಯಲ್ಲಿ ಅಡಿಕೆ ಮತ್ತು ಬಟ್ಟಲುಗಳಿಂದ ತೋರಿಸಿದೆ. ಅಡಿಕೆ ಎಂದರೆ ಶಕ್ತಿಯ ಒಂದು ತುಣುಕು. ಬಟ್ಟಲು ಎಂದರೆ ಶಕ್ತಿ ಕುಳಿತುಕೊಳ್ಳಬಲ್ಲ ಒಂದು ಜಾಗ, ಅಂದರೆ ಅಣುವಿನ ಒಂದು ಬಗೆಯ ಚಲನೆ. ಮೊದಲು ಎರಡು ಬಟ್ಟಲು, ನಾಲ್ಕು ಅಡಿಕೆ. ಎಷ್ಟು ವಿಧದಲ್ಲಿ ಹಂಚಬಹುದು? ನಾಲ್ಕು-ಸೊನ್ನೆ, ಮೂರು-ಒಂದು, ಎರಡು-ಎರಡು, ಒಂದು-ಮೂರು, ಸೊನ್ನೆ-ನಾಲ್ಕು. ಒಟ್ಟು 5. ಒಂದು ಗುಂಪು 16 ಎಂದು ಬರೆದಿತ್ತು. ಅವರು ಪ್ರತಿ ಅಡಿಕೆಯನ್ನೂ ಬೇರೆ ಬೇರೆ ಎಂದು ಎಣಿಸಿದ್ದರು. ಶಕ್ತಿಯ ತುಣುಕುಗಳಿಗೆ ಗುರುತಿಲ್ಲ, ಬಟ್ಟಲುಗಳಿಗೆ ಮಾತ್ರ ಗುರುತಿದೆ ಎಂಬುದನ್ನು ಇಲ್ಲಿ ನಿಂತು ಹೇಳಲೇಬೇಕು. ಇಲ್ಲದಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಈಗ ಇನ್ನೆರಡು ಬಟ್ಟಲು ಬೇಕು. ಆದರೆ ಅವು ಪುಕ್ಕಟೆ ಸಿಗುವುದಿಲ್ಲ, ಒಂದು ಅಡಿಕೆ ಕೊಡಬೇಕು. ಉಳಿದದ್ದು ಮೂರು ಅಡಿಕೆ, ಬಟ್ಟಲು ನಾಲ್ಕು. ಮಕ್ಕಳು ಪಟ್ಟಿ ಮಾಡುತ್ತ ಹೋದರು, 20 ವಿಧ ಬಂತು. ಅಡಿಕೆ ಕಡಿಮೆಯಾಯಿತು, ಆದರೆ ಹಂಚುವ ವಿಧ 5ರಿಂದ 20ಕ್ಕೆ ಏರಿತು. ಎರಡು ಅಡಿಕೆ ಕೊಟ್ಟರೂ 10 ವಿಧ ಉಳಿಯುತ್ತದೆ, ಲಾಭವೇ. ಮೂರು ಅಡಿಕೆ ಕೊಟ್ಟರೆ? ಉಳಿದ ಒಂದು ಅಡಿಕೆಯನ್ನು ನಾಲ್ಕು ಬಟ್ಟಲಲ್ಲಿ ಇಡಲು 4 ವಿಧ ಮಾತ್ರ. ಮೊದಲಿದ್ದ 5ಕ್ಕಿಂತ ಕಡಿಮೆ, ಆ ವ್ಯಾಪಾರ ನಷ್ಟದ್ದು. ಅಂತರುಷ್ಣಕ ಕ್ರಿಯೆಗಳಲ್ಲಿ ಕೆಲವು ತಾವಾಗಿ ನಡೆಯುವುದೂ ಕೆಲವು ನಡೆಯದಿರುವುದೂ ಏಕೆ ಎಂಬುದು ಈ 20, 10, 4ರಲ್ಲೇ ಇದೆ.

ಇನ್ನು ಲೋಟಕ್ಕೆ ಬರೋಣ. ಯೂರಿಯಾ ಹರಳಿನಲ್ಲಿ ಅಣುಗಳು ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಹಿಡಿದುಕೊಂಡು ಸಾಲಾಗಿ ಕೂತಿವೆ. ಇದ್ದಲ್ಲೇ ಕಂಪಿಸುವುದಷ್ಟೇ ಅವಕ್ಕೆ ಸಾಧ್ಯ. ಈ ಹಿಡಿತ ಬಿಡಿಸಲು ಶಕ್ತಿ ಬೇಕು. ಬಿಡಿಸಿಕೊಂಡ ಅಣುವಿಗೆ ನೀರಿನೊಂದಿಗೆ ಹೊಸ ಬಂಧಗಳು ಆಗುತ್ತವೆ, ಅವು ಸ್ವಲ್ಪ ಶಕ್ತಿಯನ್ನು ಹಿಂತಿರುಗಿಸುತ್ತವೆ, ಆದರೆ ಪೂರ್ತಿ ಅಲ್ಲ. ಕೊರತೆ ಒಂದು ಮೋಲ್‌ಗೆ, ಅಂದರೆ 60 ಗ್ರಾಂಗೆ, ಸುಮಾರು 15 ಕಿಲೋಜೂಲ್. ಇದೇ ಕೊಟ್ಟ ಅಡಿಕೆ. ಇದನ್ನು ಮೊದಲು ತೆರುವುದು ಲೋಟದ ನೀರಿನ ಅಣುಗಳು. ಅವುಗಳ ಚಲನೆ ನಿಧಾನವಾಗುತ್ತದೆ, ಥರ್ಮಾಮೀಟರ್ ಇಳಿಯುತ್ತದೆ. ಪ್ರತಿಯಾಗಿ ಯೂರಿಯಾ ಅಣುಗಳು ಈಗ ತಿರುಗಬಹುದು, ಹೊರಳಬಹುದು, ದ್ರಾವಣದಲ್ಲಿ ಎಲ್ಲಿ ಬೇಕಾದರೂ ಇರಬಹುದು. ಇವು ಹೊಸ ಬಟ್ಟಲುಗಳು.

ನಾವು 100 ಮಿಲಿಲೀಟರ್ ನೀರಿಗೆ 20 ಗ್ರಾಂ ಯೂರಿಯಾ ಹಾಕಿದೆವು. ಅದು ಮೂರನೇ ಒಂದು ಮೋಲ್, ಬೇಕಾದ ಶಕ್ತಿ 5 ಕಿಲೋಜೂಲ್. ದ್ರಾವಣವನ್ನು ಒಂದು ಡಿಗ್ರಿ ತಂಪು ಮಾಡಲು ಸುಮಾರು 450 ಜೂಲ್ ತೆಗೆಯಬೇಕು. ಭಾಗಿಸಿದರೆ 11 ಡಿಗ್ರಿ ಇಳಿಯಬೇಕು. ನಮ್ಮ ಥರ್ಮಾಮೀಟರ್ 30 ಡಿಗ್ರಿಯಿಂದ 20.5ಕ್ಕೆ ಇಳಿದು ನಿಂತಿತು. ಒಂದೂವರೆ ಡಿಗ್ರಿಯ ವ್ಯತ್ಯಾಸ ಕಲಕುವಷ್ಟು ಹೊತ್ತು ಹೊರಗಿನ ಗಾಳಿಯಿಂದ ಬಂದ ಉಷ್ಣದ್ದು. ಸ್ಟೀಲ್ ಲೋಟದಲ್ಲಿ ಮಾಡಿದಾಗ ಇನ್ನೂ ಕಡಿಮೆ ಇಳಿದಿತ್ತು. ಎರಡು ಕಾಗದದ ಲೋಟಗಳನ್ನು ಒಂದರೊಳಗೊಂದು ಇಟ್ಟು ಮಾಡುವುದು ಉತ್ತಮ. ಈಗ ಸಿಗುವ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪ ಇರುವುದರಿಂದ ನೀರು ಸ್ವಲ್ಪ ಮಬ್ಬಾಗುತ್ತದೆ. ಕರಗಿಲ್ಲ ಎಂದು ಮಕ್ಕಳು ತಪ್ಪು ತಿಳಿಯದಂತೆ ಮೊದಲೇ ಹೇಳಿಬಿಡಿ.

ಉಪ್ಪೂ ಹೀಗೆಯೇ ತಣ್ಣಗಾಗುತ್ತದೆಯೇ ಎಂದು ಒಬ್ಬ ಕೇಳಿದ. ಸಾಣಿಕಟ್ಟೆಯ ಉಪ್ಪು ಕರಗಿಸಿ ಮುಟ್ಟಿ ನೋಡಿದರು, ಏನೂ ತಿಳಿಯಲಿಲ್ಲ. ಅಡುಗೆ ಉಪ್ಪಿನ ಕೊರತೆ ಮೋಲ್‌ಗೆ ಸುಮಾರು 4 ಕಿಲೋಜೂಲ್ ಮಾತ್ರ, 10 ಗ್ರಾಂ ಹಾಕಿದರೆ ಒಂದೂವರೆ ಡಿಗ್ರಿ ಇಳಿಯುತ್ತದೆ. ಅದನ್ನು ಬೆರಳು ಹೇಳಲಾರದು, ಥರ್ಮಾಮೀಟರ್ ಹೇಳುತ್ತದೆ.

ಲಾಭ-ನಷ್ಟದ ಲೆಕ್ಕವನ್ನು ಯೂರಿಯಾಕ್ಕೆ ನಿಜವಾದ ಅಂಕಿಗಳಲ್ಲೂ ಮಾಡಬಹುದು. ಇದು ತರಗತಿಗಲ್ಲ, ಶಿಕ್ಷಕರಾದ ನಮಗೆ. ತಣ್ಣಗಾದ ಲೋಟ ಕೊನೆಗೆ ಕೋಣೆಯ ಗಾಳಿಯಿಂದ ಉಷ್ಣ ಪಡೆದು ಮೊದಲಿನ ತಾಪಕ್ಕೆ ಬರುತ್ತದೆ. ಆದ್ದರಿಂದ ಬೆಲೆಯನ್ನು ಪೂರ್ತಿ ತೆತ್ತದ್ದು ಸುತ್ತಲಿನ ಪರಿಸರ. ಪರಿಸರದ ಎಂಟ್ರೊಪಿ ನಷ್ಟವೆಂದರೆ ಕೊಟ್ಟ ಉಷ್ಣವನ್ನು ಕೆಲ್ವಿನ್ ತಾಪದಿಂದ ಭಾಗಿಸಿದ್ದು: 15,000 ಜೂಲ್ ಅನ್ನು 298ರಿಂದ ಭಾಗಿಸಿದರೆ ಸುಮಾರು 50. ಹರಳು ಬಿಟ್ಟು ದ್ರಾವಣಕ್ಕೆ ಬಂದದ್ದರಿಂದ ಆದ ಎಂಟ್ರೊಪಿ ಗಳಿಕೆ ಮೋಲ್‌ಗೆ ಸುಮಾರು 70. ನಿವ್ವಳ ಲಾಭ 20 ಜೂಲ್ ಪ್ರತಿ ಕೆಲ್ವಿನ್. ಲೋಟವನ್ನು ಮಾತ್ರ ನೋಡಿದರೆ ಶಕ್ತಿ ಒಳಗೆ ಸೇರಿದಂತೆ ಕಾಣುತ್ತದೆ, ಲೋಟ ಮತ್ತು ಕೋಣೆ ಎರಡನ್ನೂ ಕೂಡಿಸಿದರೆ ಹಂಚುವ ವಿಧಗಳು ಹೆಚ್ಚೇ ಆಗಿವೆ. ಆ ಹುಡುಗಿಗೆ ಹೇಳಬೇಕಾಗಿದ್ದ ಉತ್ತರ ಇದು. ಕಲ್ಲಿನ ಹೋಲಿಕೆಯೂ ಪೂರ್ತಿ ತಪ್ಪಲ್ಲ. ಕಲ್ಲು ಕೆಳಗೆ ಬಿದ್ದಾಗ ಅದರ ಶಕ್ತಿ ಶಾಖವಾಗಿ ಮಣ್ಣಿನಲ್ಲಿ ಹರಡುತ್ತದೆ. ಅದು ಕೆಳಗೇ ನಿಲ್ಲುವುದು ಆ ಹರಡುವಿಕೆಯಿಂದ. ನಾನು ಕಲ್ಲನ್ನು ತೋರಿಸಿದೆ, ಮಣ್ಣನ್ನು ಬಿಟ್ಟೆ.

ತಾಪದಿಂದ ಭಾಗಿಸುವುದೇಕೆ ಎಂಬುದನ್ನೂ ಅಡಿಕೆಯೇ ತೋರಿಸುತ್ತದೆ. ಎರಡು ಬಟ್ಟಲಲ್ಲಿ ಎರಡು ಅಡಿಕೆ ಇದ್ದರೆ 3 ವಿಧ, ಒಂದನ್ನು ಕಿತ್ತುಕೊಂಡರೆ 2. ಮೂರರಲ್ಲೊಂದು ಭಾಗ ಹೋಯಿತು. ಹತ್ತು ಅಡಿಕೆ ಇದ್ದರೆ 11 ವಿಧ, ಒಂದನ್ನು ಕಿತ್ತುಕೊಂಡರೆ 10. ಹನ್ನೊಂದರಲ್ಲೊಂದು ಭಾಗ ಮಾತ್ರ ಹೋಯಿತು. ಬಿಸಿಯಾದ ಪರಿಸರ ಶ್ರೀಮಂತನ ಮನೆ ಇದ್ದ ಹಾಗೆ, ಅದೇ ಒಂದು ಅಡಿಕೆ ಹೋದರೆ ಅಲ್ಲಿ ಕಡಿಮೆ ನೋವು. ಬಿಸಿನೀರಿನಲ್ಲಿ ಯೂರಿಯಾ ಹೆಚ್ಚು ಕರಗುವುದು ಇದಕ್ಕೇ.

ಈ ಮಾದರಿಗೆ ಒಂದು ಮಿತಿಯಿದೆ. ಬಟ್ಟಲುಗಳು ಯಾವಾಗಲೂ ಅಷ್ಟೇ ಲಾಭ ಕೊಡುತ್ತವೆ ಎಂದು ಮಕ್ಕಳು ತಿಳಿಯಬಹುದು, ಆದರೆ ಹಾಗಲ್ಲ. ನಮ್ಮ ಊರಿನ ಆಷಾಢದಲ್ಲಿ ಬಟ್ಟೆ ಒಣಗದಿರುವುದನ್ನು ನೋಡಿ. ನೀರು ಆವಿಯಾಗಲು ಒಂದು ಗ್ರಾಂಗೆ ಸುಮಾರು 2,400 ಜೂಲ್ ಬೇಕು. ಯೂರಿಯಾ ಕರಗಲು ಬೇಕಾದ್ದರ ಸುಮಾರು ಹತ್ತು ಪಟ್ಟು. ಬೇಸಿಗೆಯ ಒಣ ಗಾಳಿಯಲ್ಲಿ ಆವಿಯ ಅಣುವಿಗೆ ಹರಡಲು ವಿಶಾಲವಾದ ಜಾಗವಿದೆ, ಆದ್ದರಿಂದ ಅಷ್ಟು ದೊಡ್ಡ ಬೆಲೆ ತೆತ್ತೂ ಲಾಭವಾಗುತ್ತದೆ. ಮಳೆಗಾಲದ ಗಾಳಿ ಆವಿಯಿಂದ ತುಂಬಿದೆ. ಹೊಸದಾಗಿ ಬಂದ ಅಣುವಿಗೆ ಸಿಗುವ ಲಾಭ ಕಡಿಮೆ, ಬೆಲೆ ಮಾತ್ರ ಅದೇ. ಲಾಭ-ನಷ್ಟ ಸಮವಾದಲ್ಲಿ ಒಣಗುವುದು ನಿಲ್ಲುತ್ತದೆ. ದ್ರಾವಣದಲ್ಲಿ ಇದೇ ಸ್ಥಿತಿಗೆ ಪರ್ಯಾಪ್ತ ದ್ರಾವಣ ಎನ್ನುತ್ತೇವೆ. ಮೇಲೆ ಹೇಳಿದ 70 ಕೂಡ ನಿರ್ದಿಷ್ಟ ಸಾರತೆಗೆ ಹೇಳಿದ ಅಂಕಿ, ದ್ರಾವಣ ಗಟ್ಟಿಯಾದಂತೆ ಅದು ಇಳಿಯುತ್ತ ಹೋಗುತ್ತದೆ.

ಕೊನೆಯ ದಿನ ಆ ಹುಡುಗಿಯ ಗುಂಪು 100 ಮಿಲಿಲೀಟರ್ ನೀರಿಗೆ 100 ಗ್ರಾಂ ಯೂರಿಯಾ ಸುರಿಯಿತು. ಲೋಟದ ಹೊರಗೆ ನೀರಹನಿ ಕಟ್ಟಿತು, ತಳದಲ್ಲಿ ಒಂದಿಷ್ಟು ಕಾಳು ಕರಗದೆ ಉಳಿಯಿತು. ಎಷ್ಟು ಕಲಕಿದರೂ ಅಷ್ಟೇ. "ಪರ್ಯಾಪ್ತ ಆಯ್ತು ಟೀಚರ್" ಎಂದು ಒಬ್ಬ ಘೋಷಿಸಿದ. ಅವಳು ಲೋಟ ಮುಟ್ಟಿ ನೋಡಿ, "ಇಲ್ಲ, ನೀರಿನ ಹತ್ತಿರ ಕೊಡಲು ಅಡಿಕೆ ಮುಗಿದಿದೆ. ಮಧ್ಯಾಹ್ನದವರೆಗೆ ಇಡುವ" ಎಂದಳು. ಬಿಸಿಯೂಟ ಮುಗಿಸಿ ಬಂದು ನೋಡಿದಾಗ ಲೋಟ ಕೋಣೆಯ ತಾಪಕ್ಕೆ ಬಂದಿತ್ತು, ತಳದಲ್ಲಿ ಒಂದು ಕಾಳೂ ಇರಲಿಲ್ಲ. ಆ ದ್ರಾವಣವನ್ನು ಒಂದು ಬಕೆಟ್ ನೀರಿಗೆ ಬೆರೆಸಿ ತೆಳ್ಳಗೆ ಮಾಡಿ ಶಾಲೆಯ ತೆಂಗಿನ ಬುಡಕ್ಕೆ ಹಾಕಿದೆವು.