ಸಾಸಿವೆ ಸಿಡಿಯಬೇಕು, ಕರಟಬಾರದು

ತಿಳಿಸಾರಿನ ಒಗ್ಗರಣೆಗೆ ಎಣ್ಣೆ ಕಾದ ಮೇಲೆ ಮೊದಲು ಬೀಳುವುದು ಸಾಸಿವೆ. ಉದ್ದಿನಬೇಳೆ, ಒಣಮೆಣಸಿನಕಾಯಿ, ಇಂಗು, ಕರಿಬೇವು ಎಲ್ಲ ಅದರ ಹಿಂದೆ. ಇವುಗಳಲ್ಲಿ ಅತಿ ಹೆಚ್ಚು ಬಿಸಿ ಬೇಡುವುದು ಸಾಸಿವೆಯೇ. ಎಣ್ಣೆ ಹದಕ್ಕೆ ಬಂದಿದೆಯೋ ಇಲ್ಲವೋ ಎಂಬುದನ್ನು ಕಿವಿಗೆ ಕೇಳುವಂತೆ ಹೇಳುವುದೂ ಅದೇ.

ಡಬ್ಬಿಯಲ್ಲಿ ಒಣಗಿ ಗಟ್ಟಿಯಾಗಿ ಕಾಣುವ ಸಾಸಿವೆಕಾಳಿನೊಳಗೂ ಸ್ವಲ್ಪ ನೀರಿರುತ್ತದೆ, ತೂಕದಲ್ಲಿ ನೂರಕ್ಕೆ ಸುಮಾರು 6ರಿಂದ 8 ಭಾಗ. ಕಾದ ಎಣ್ಣೆಯಲ್ಲಿ ಆ ನೀರು ಆವಿಯಾಗುತ್ತದೆ. ಕಾಳಿನ ಸಿಪ್ಪೆ ಬಿಗಿಯಾಗಿರುವುದರಿಂದ ಆವಿಗೆ ಹೊರಬರಲು ದಾರಿ ಸಿಗುವುದಿಲ್ಲ. ಒತ್ತಡ ಏರುತ್ತಾ ಹೋಗಿ ಕೊನೆಗೆ ಸಿಪ್ಪೆ ಬಿರಿಯುತ್ತದೆ, ಕಾಳು ಚಿಮ್ಮುತ್ತದೆ. ಪಾಪ್‌ಕಾರ್ನ್ ಸಿಡಿಯುವುದೂ ಹೀಗೆಯೇ. ಆದರೆ ಜೋಳದಲ್ಲಿರುವ ಪಿಷ್ಟ ಬಲಿತ ಸಾಸಿವೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅದು ಅರಳು ಆಗುವುದಿಲ್ಲ. ಸಿಪ್ಪೆ ಒಡೆದ ಕಾಳಿನಲ್ಲಿ ಆವಿ ನಿಲ್ಲುವುದಿಲ್ಲ, ತೀರಾ ಹಳೆಯದಾಗಿ ಒಣಗಿದ ಕಾಳಿನಲ್ಲಿ ಸಾಕಷ್ಟು ಆವಿ ಹುಟ್ಟುವುದಿಲ್ಲ. ಅಂಥವು ಸದ್ದಿಲ್ಲದೆ ಹುರಿದು ಕಪ್ಪಾಗುತ್ತವೆ.

ಸಿಡಿದ ಸಾಸಿವೆಗೆ ಘಾಟು ಏಕಿರುವುದಿಲ್ಲ? ಇದೇ ಸಾಸಿವೆಯನ್ನು ಹಸಿಯಾಗಿ ತೆಂಗಿನಕಾಯಿ ಜೊತೆ ರುಬ್ಬಿ ಮಾವಿನಹಣ್ಣಿನ ಸಾಸಿವೆ ಮಾಡಿದರೆ ಮೂಗಿಗೇ ಏರುತ್ತದಲ್ಲ! ಕಾಳಿನಲ್ಲಿ ಸಿನಿಗ್ರಿನ್ ಎಂಬ ಕಹಿ ವಸ್ತು ಒಂದು ಕಡೆ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ, ಬೇರೆಬೇರೆ ಕೋಶಗಳಲ್ಲಿ ಇರುತ್ತವೆ. ನೀರು ಹಾಕಿ ರುಬ್ಬಿದಾಗ ಎರಡೂ ಸೇರುತ್ತವೆ, ಕೆಲವೇ ನಿಮಿಷಗಳಲ್ಲಿ ಘಾಟು ಹುಟ್ಟುತ್ತದೆ. ಒಗ್ಗರಣೆಯಲ್ಲಿ ಕಾಳು ಸಿಡಿಯುವ ಹೊತ್ತಿಗೆ ಬಿಸಿಗೆ ಕಿಣ್ವ ನಾಶವಾಗಿರುತ್ತದೆ. ಘಾಟು ಹುಟ್ಟಲು ದಾರಿಯೇ ಉಳಿಯುವುದಿಲ್ಲ. ಬದಲಿಗೆ ಕಾಳಿನ ಪ್ರೋಟೀನು, ಸಕ್ಕರೆಗಳು ಬಿಸಿಗೆ ಕಂದಿ, ಹುರಿದ ಕಡಲೆಕಾಯಿಯನ್ನು ನೆನಪಿಸುವ ಪರಿಮಳ ಬರುತ್ತದೆ. ಆ ಪರಿಮಳ ಎಣ್ಣೆಗಿಳಿಯುತ್ತದೆ. ಎಣ್ಣೆ ಸಾರಿನ ಮೇಲೆ ತೇಲುವುದರಿಂದ ಬಟ್ಟಲು ಬಾಯಿಗಿಟ್ಟಾಗ ಮೊದಲು ಸಿಗುವುದೂ ಅದೇ.

ಇಷ್ಟೆಲ್ಲ ಎಣ್ಣೆಯ ಬಿಸಿಯ ಮೇಲೆ ನಿಂತಿದೆ. ನಾಲ್ಕು ಜನರ ಸಾರಿಗೆ ಎರಡು ಟೀ ಚಮಚ ಎಣ್ಣೆ, ಅರ್ಧ ಟೀ ಚಮಚ ಸಾಸಿವೆ ಸಾಕು. ಎಣ್ಣೆಯನ್ನು ಮಧ್ಯಮ ಉರಿಯಲ್ಲಿಟ್ಟು, ನಾಲ್ಕೈದು ಕಾಳು ಮಾತ್ರ ಹಾಕಿ ನೋಡಿ. ಕಾಳು ತಳದಲ್ಲಿ ಸುಮ್ಮನೆ ಕೂತರೆ ಎಣ್ಣೆ ಇನ್ನೂ ತಣ್ಣಗಿದೆ. ಸುತ್ತ ಸಣ್ಣ ಗುಳ್ಳೆ ಎದ್ದು, ಕೆಲವು ಸೆಕೆಂಡುಗಳಲ್ಲಿ ಚಟ್ ಎಂದರೆ ಹದ ಬಂದಿದೆ, ಉಳಿದದ್ದನ್ನು ಹಾಕಬಹುದು. ಆಗ ಎಣ್ಣೆ ಸುಮಾರು 170-180 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಹಾಕಿದೊಡನೆ ಎಲ್ಲ ಒಟ್ಟಿಗೆ ಸಿಡಿದು ಹೊಗೆ ಬಂದರೆ ಬಿಸಿ ಮೀರಿದೆ ಎಂದೇ ಅರ್ಥ.

ತಣ್ಣನೆಯ ಎಣ್ಣೆಗೆ ಬಿದ್ದ ಸಾಸಿವೆ ಸಿಡಿಯದೆ ಸಾರಿಗೆ ಹೋಗುತ್ತದೆ. ಹಲ್ಲಿಗೆ ಸಿಕ್ಕರೆ ಕಹಿ, ಒಗರು. ಬಿಸಿ ಮೀರಿದ ಎಣ್ಣೆಯಲ್ಲಿ ಒಳಗು ಹುರಿಯುವ ಮೊದಲೇ ಹೊರಗು ಕರಟುತ್ತದೆ. ಅದರದ್ದು ಬೇರೆ ಕಹಿ, ಸುಟ್ಟ ವಾಸನೆಯ ಕಹಿ, ಇಡೀ ಎಣ್ಣೆಗೆ ಹರಡುತ್ತದೆ. ತುಪ್ಪದಲ್ಲಿ ಮತ್ತು ರಿಫೈನ್ಡ್ ಕಡಲೆಕಾಯಿ ಎಣ್ಣೆಯಲ್ಲಿ ಈ ಅಪಾಯ ಸ್ವಲ್ಪ ಕಡಿಮೆ. ಗಾಣದ ತೆಂಗಿನೆಣ್ಣೆ ಸಾಸಿವೆ ಸಿಡಿಯುವ ಬಿಸಿಯ ಆಸುಪಾಸಿನಲ್ಲೇ ಹೊಗೆಯಾಡತೊಡಗುವುದರಿಂದ ಅದರಲ್ಲಿ ಉರಿ ಸಣ್ಣದೇ ಇರಲಿ. ಕಬ್ಬಿಣದ ಒಗ್ಗರಣೆ ಸೌಟಿನಲ್ಲಿ ಎಣ್ಣೆ ಸ್ವಲ್ಪವೇ ಇರುವುದರಿಂದ ಬೇಗ ಕಾಯುತ್ತದೆ, ಒಲೆ ಆರಿಸಿದ ಮೇಲೂ ಬಿಸಿ ಇಳಿಯುವುದಿಲ್ಲ. ಅದಕ್ಕೇ ಸಿಡಿತ ಕಡಿಮೆಯಾಗುತ್ತಿದ್ದಂತೆ ಸೌಟನ್ನು ಒಲೆಯಿಂದ ಎತ್ತಿಬಿಡಬೇಕು.

ಮುಂದಿನ ಸಾಮಾನುಗಳ ಸರದಿ ಆಗಲೇ. ಉದ್ದಿನಬೇಳೆ ಹಾಕಿದರೆ ಎಣ್ಣೆಯ ಬಿಸಿ ತುಸು ತಗ್ಗುತ್ತದೆ. ಅದು ಹೊಂಬಣ್ಣಕ್ಕೆ ತಿರುಗಿದಾಗ ಒಣಮೆಣಸಿನಕಾಯಿ, ಕೊನೆಗೆ ಕರಿಬೇವು, ಇಂಗು. ಕರಿಬೇವಿನ ಎಲೆಯಲ್ಲಿ ನೀರಿರುವುದರಿಂದ ಎಣ್ಣೆ ಮತ್ತೆ ಚಿಟಪಟ ಎನ್ನುತ್ತದೆ. ಅದು ಸಾಸಿವೆಯ ಸದ್ದಲ್ಲ, ಆ ಸದ್ದು ಕೇಳಿ ಕಾಯುತ್ತಾ ನಿಂತರೆ ಸಾಸಿವೆ ಕರಟುತ್ತದೆ. ಒದ್ದೆಯಾದ ಸಾಸಿವೆ ಹಾಕಿದಾಗಲೂ ಹೀಗೆಯೇ: ಮೇಲಿನ ನೀರು ಎಣ್ಣೆಯನ್ನು ಸಿಡಿಸುತ್ತದೆ, ಕಾಳು ಇನ್ನೂ ಹಸಿಯಾಗಿಯೇ ಇರುತ್ತದೆ.

ಸಾಸಿವೆ ಕರಟಿತೋ, ಆ ಎಣ್ಣೆಯನ್ನು ಸಾರಿಗೆ ಸುರಿಯಬೇಡಿ. ಯಾವ ಉಪ್ಪು, ಹುಳಿ, ಬೆಲ್ಲವೂ ಆ ಕಹಿಯನ್ನು ಪೂರ್ತಿ ಅಳಿಸಲಾರದು. ಎರಡು ಚಮಚ ಎಣ್ಣೆ ಚೆಲ್ಲಿದರೂ ಸರಿ, ಸೌಟು ಒರೆಸಿ ಹೊಸ ಒಗ್ಗರಣೆ ಹಾಕಿ.