ಮನೆಗೊಂದು ಕಾಗದ, ಠೇವಣಿಗೊಂದು ಕಾಗದ

ಒಬ್ಬ ನಿವೃತ್ತ ನೌಕರ ಉಯಿಲು ಬರೆಯದೆ ತೀರಿಕೊಂಡರು ಎಂದುಕೊಳ್ಳಿ. ಉಳಿದವರು ಹೆಂಡತಿ, ಮಗ, ಮದುವೆಯಾದ ಮಗಳು. ಬಿಟ್ಟುಹೋದದ್ದು ತುಮಕೂರಿನ ಒಂದು ಮನೆ ಮತ್ತು ನಾಮಿನಿಯಿಲ್ಲದ 9 ಲಕ್ಷ ರೂಪಾಯಿಯ ಠೇವಣಿ.

ಮೊದಲ ಹೆಜ್ಜೆ ನಾಡಕಚೇರಿ. ಮರಣ ಪ್ರಮಾಣಪತ್ರ ಕೊಟ್ಟು ಅರ್ಜಿ ಹಾಕಿದರೆ, ಸ್ಥಳ ವಿಚಾರಣೆಯ ಬಳಿಕ ಕಂದಾಯ ಇಲಾಖೆ ವಂಶವೃಕ್ಷ ಕೊಡುತ್ತದೆ. ವಾರಸುದಾರರು ಯಾರೆಂದು ಅದು ಹೇಳುತ್ತದೆ. ಹಕ್ಕಿನ ಜಗಳವನ್ನು ತೀರ್ಮಾನಿಸುವುದಿಲ್ಲ. ಮನೆಯ ಖಾತೆ ಬದಲಾವಣೆಗೂ, ಉಪನೋಂದಣಿ ಕಚೇರಿಯಲ್ಲಿ ವಿಭಾಗ ಪತ್ರ ಅಥವಾ ಹಕ್ಕು ಬಿಡುಗಡೆ ಪತ್ರ ಮಾಡಿಸುವಾಗಲೂ ಕೇಳುವುದು ಇದನ್ನೇ. ಮದುವೆಯಾದ ಮಗಳ ಹೆಸರು ಬಿಟ್ಟುಹೋಗುವುದು ಇಲ್ಲಿ ಹಳೆಯ ಚಾಳಿ. ಮುಂದೆ ಆಕೆ ದಾವೆ ಹೂಡಿದರೆ, ಕೊಂಡವರೂ ಕೋರ್ಟು ಅಲೆಯಬೇಕು.

ಉತ್ತರಾಧಿಕಾರ ಪ್ರಮಾಣಪತ್ರ ಕೊಡುವುದು ಸಿವಿಲ್ ನ್ಯಾಯಾಲಯ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ. ಅದು ಮೃತರಿಗೆ ಬರಬೇಕಾದ ಹಣ, ಷೇರು, ಬಾಂಡುಗಳಿಗೆ ಮಾತ್ರ. ಮನೆ, ಜಮೀನಿಗೆ ಅನ್ವಯಿಸುವುದಿಲ್ಲ. ಅರ್ಜಿ, ನೋಟಿಸು, ಮೊತ್ತಕ್ಕೆ ತಕ್ಕ ಕೋರ್ಟು ಶುಲ್ಕ ಎಂದು ತಿಂಗಳುಗಳೇ ಹಿಡಿಯುತ್ತವೆ. ಅದನ್ನು ನಂಬಿ ಪ್ರಾಮಾಣಿಕವಾಗಿ ಹಣ ಕೊಟ್ಟ ಬ್ಯಾಂಕಿಗೆ ಕಾಯ್ದೆಯ ರಕ್ಷಣೆಯಿದೆ. ಬ್ಯಾಂಕುಗಳಿಗೆ ಅದರ ಮೇಲೆ ಮೋಹ ಅದಕ್ಕೇ.

ಆದರೆ ಈ ಕುಟುಂಬಕ್ಕೆ ಅದು ಬೇಕಿಲ್ಲ. ಉಯಿಲೂ ತಕರಾರೂ ಇಲ್ಲದಿದ್ದರೆ ವಾಣಿಜ್ಯ ಬ್ಯಾಂಕುಗಳು 15 ಲಕ್ಷದವರೆಗಿನ ಹಣವನ್ನು ಸರಳ ವಿಧಾನದಲ್ಲೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ನಿರ್ದೇಶಿಸಿದೆ. ವಾರಸುದಾರರ ದಾಖಲೆ, ನಷ್ಟಭರ್ತಿ ಪತ್ರ, ಉಳಿದವರ ಒಪ್ಪಿಗೆ ಸಾಕು. ಅಣ್ಣತಂಗಿ ಜಗಳಕ್ಕೆ ನಿಂತರೆ ಮಾತ್ರ ಕೋರ್ಟಿನ ದಾರಿ. ಅದಕ್ಕೆ ಮೊದಲೇ ಯಾರಾದರೂ ಕೋರ್ಟಿನ ಪತ್ರ ಕೇಳಿದರೆ, ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ.