ಮೊದಲ ಸಂಬಳ, ಹಾಸಿಗೆಯ ಅಳತೆ

ಚಂದಕವಾಡಿಯ ಹುಡುಗನೊಬ್ಬನಿಗೆ ಬದನಗುಪ್ಪೆ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿ, ತಿಂಗಳಿಗೆ 15,000 ರೂಪಾಯಿ ಕೈಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಮನೆಯ ಹಿರಿಯರು ಹೇಳುವ ಮೊದಲ ಮಾತು: ‘ಹಾಸಿಗೆ ಇದ್ದಷ್ಟು ಕಾಲು ಚಾಚಪ್ಪ.’ ಮಾತು ಹಳೆಯದು, ಸರಿಯಾದದ್ದೂ ಹೌದು. ಎಡವುವುದು ಹಾಸಿಗೆಯ ಅಳತೆಯಲ್ಲಿ. ಹುಡುಗ 15,000 ರೂಪಾಯಿಯನ್ನೇ ಹಾಸಿಗೆ ಎಂದು ತಿಳಿಯುತ್ತಾನೆ. ಮನೆಗೆ 6,000, ಊಟ ಮತ್ತು ಬಸ್ಸಿಗೆ 4,000, ಫೋನು, ಬಟ್ಟೆಗೆ 1,000 ಕಳೆದರೆ ಉಳಿಯುವ 4,000 ರೂಪಾಯಿಯೇ ನಿಜವಾದ ಹಾಸಿಗೆ.

ಅಷ್ಟರಲ್ಲಿ ಬೈಕ್ ಕಣ್ಣಿಗೆ ಬೀಳುತ್ತದೆ. 80,000 ಸಾಲ, ಮೂರು ವರ್ಷ, ‘ಬಡ್ಡಿ ಬರೀ ಹತ್ತು ಪರ್ಸೆಂಟ್, ಫ್ಲ್ಯಾಟ್’ ಎನ್ನುತ್ತಾರೆ. ಫ್ಲ್ಯಾಟ್ ಎಂದರೆ ನೀವು ತೀರಿಸಿದ ಅಸಲಿಗೂ ಕೊನೆಯವರೆಗೆ ಬಡ್ಡಿ ಕಟ್ಟುವುದು. ವರ್ಷಕ್ಕೆ 8,000ದಂತೆ 24,000 ಬಡ್ಡಿ ಸೇರಿ ತಿಂಗಳ ಕಂತು 2,889. ಇಳಿಯುವ ಅಸಲಿನ ಲೆಕ್ಕದಲ್ಲಿ ನೋಡಿದರೆ ಇದು ಶೇ 18ರ ಆಸುಪಾಸಿನ ಬಡ್ಡಿ. ಉಳಿದ 1,111 ರೂಪಾಯಿ ಪೆಟ್ರೋಲಿಗೇ ಹೋಗುತ್ತದೆ. ಆ ತಿಂಗಳು ಅಮ್ಮನಿಗೆ ಜ್ವರ ಬಂದರೆ? ಕೈಸಾಲ, ನೂರಕ್ಕೆ ಐದರಂತೆ. ತಿಂಗಳಿಗೆ ನೂರಕ್ಕೆ ಐದು ಎಂದರೆ ವರ್ಷಕ್ಕೆ ಅರವತ್ತು ಎಂಬುದು ಆ ಗಳಿಗೆಯಲ್ಲಿ ನೆನಪಾಗುವುದಿಲ್ಲ. ಒಂದು ಸಾಲದ ಕಂತಿಗೆ ಇನ್ನೊಂದು ಸಾಲ ಎತ್ತುವ ದಾರಿ ಶುರುವಾಗುವುದು ಇಲ್ಲಿಂದಲೇ.

ಇದು ನಮ್ಮ ಜಿಲ್ಲೆ ಕಂಡ ಸಂಕಟ. 2025ರ ಜನವರಿಯಲ್ಲಿ ಚಾಮರಾಜನಗರದ ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್ ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ಬಂತು. ಮರುತಿಂಗಳು ಸರ್ಕಾರ ಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು. ಕಾನೂನು ಕಿರುಕುಳಕ್ಕೆ ತಡೆ ಹಾಕುತ್ತದೆ, ಸಾಲದ ಹೊರೆ ಇಳಿಸುವ ಕೆಲಸ ನಮ್ಮದೇ.

‘ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ’ ಎಂಬುದಕ್ಕೂ ಲೆಕ್ಕವಿದೆ. ಅದೇ 2,889 ರೂಪಾಯಿಯನ್ನು ಕೂಡಿಟ್ಟರೆ 28 ತಿಂಗಳಿಗೆ 80,000 ದಾಟುತ್ತದೆ, ಎಂಟು ಕಂತು ಉಳಿಯುತ್ತದೆ. ಬೈಕಿನ ಬೆಲೆ ಅಷ್ಟರಲ್ಲಿ ಏರಬಹುದು, ನಿಜ. ರಾತ್ರಿ ಪಾಳಿಗೆ ಬಸ್ಸೇ ಇಲ್ಲದವನಿಗೆ ಕಾಯುವುದೂ ಸಾಧ್ಯವಿಲ್ಲ. ಅಂಥವನು ಮುಂಗಡ ಹೆಚ್ಚು ಕಟ್ಟಿ ಸಾಲ ಕಡಿಮೆ ಮಾಡಿಕೊಳ್ಳಲಿ.

ಉಳಿದವರು ಸಂಬಳ ಬಂದ ದಿನವೇ ಅಂಚೆ ಕಚೇರಿಯ ಆರ್.ಡಿ.ಗೆ 1,000 ಹಾಕಲಿ. ಶೇ 6.7 ಬಡ್ಡಿಯಲ್ಲಿ ಐದು ವರ್ಷಕ್ಕೆ 60,000 ಕಟ್ಟಿದ್ದು 71,000 ದಾಟುತ್ತದೆ. ಹನ್ನೆರಡು ಕಂತು ಕಟ್ಟಿದ ಮೇಲೆ ಅದರ ಅರ್ಧದಷ್ಟು ಸಾಲವೂ ಸಿಗುತ್ತದೆ. ಅಮ್ಮನ ಜ್ವರಕ್ಕೆ ನೂರಕ್ಕೆ ಐದರವನ ಬಾಗಿಲು ತಟ್ಟಬೇಕಿಲ್ಲ.

ಸಾಲ ಮಾಡಲೇಬೇಕಾದರೆ ಸಹಿ ಹಾಕುವ ಮುನ್ನ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೇಳಿ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಹೊಸ ಚಿಲ್ಲರೆ ಸಾಲಗಳಿಗೆ ಇದನ್ನು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಶುಲ್ಕಗಳೂ ಸೇರಿದ ವಾರ್ಷಿಕ ದರ ಅದರಲ್ಲಿರುತ್ತದೆ.